ಆಧಾರ ಬದಲಾಯಿಸುವ ಸೂತ್ರಕ್ಕೆ ಸಿಕ್ಕಿರುವ ಅತಿ ಮನ್ನಣೆ

ಲಾಗರಿದಮ್ ಪಾಠದಲ್ಲಿ ಒಂದು ಸೂತ್ರಕ್ಕೆ ಪಟ್ಟ ಕಟ್ಟಿ ಕೂರಿಸಿದ್ದೇವೆ. ಆಧಾರ ಬದಲಾಯಿಸುವ ಸೂತ್ರ. ಒಂದೇ ಸಮೀಕರಣದಲ್ಲಿ ಎರಡು ಬೇರೆ ಬೇರೆ ಆಧಾರಗಳು ಕಂಡವೋ, ಎಲ್ಲವನ್ನೂ ಹತ್ತರ ಆಧಾರಕ್ಕೋ e ಆಧಾರಕ್ಕೋ ತಂದುಬಿಡಿ, ಮಿಕ್ಕಿದ್ದು ತಾನಾಗಿ ಬಗೆಹರಿಯುತ್ತದೆ ಎನ್ನುವುದು ಪಿಯುಸಿ ಗೈಡುಗಳಿಂದ ಪ್ರವೇಶ ಪರೀಕ್ಷೆಯ ಕೋಚಿಂಗ್ ನೋಟ್ಸ್‌ವರೆಗೆ ಕೇಳಿಬರುವ ಮಾತು. ಈ ಸೂತ್ರಕ್ಕೆ ಇಷ್ಟು ಮನ್ನಣೆ ಸಲ್ಲದು ಎಂಬುದು ನನ್ನ ವಾದ. ಸೂತ್ರ ತಪ್ಪಲ್ಲ. ಆದರೆ ಮಿಶ್ರ ಆಧಾರದ ಲೆಕ್ಕಗಳಲ್ಲಿ ವಿದ್ಯಾರ್ಥಿ ಎಡವುವ ಜಾಗ ಯಾವುದೋ ಅಲ್ಲಿ ಅದು ಕೈಹಿಡಿಯುವುದಿಲ್ಲ. ಹಲವು ಸಲ ಆ ಜಾಗ ಕಣ್ಣಿಗೆ ಬೀಳದಂತೆಯೂ ಮಾಡುತ್ತದೆ.

ಅತ್ಯಂತ ಸರಳವಾದ ಲೆಕ್ಕವನ್ನೇ ತೆಗೆದುಕೊಳ್ಳೋಣ.

log₂ x + log₄ x = 3

ಸೂತ್ರದ ದಾರಿಯಲ್ಲಿ ಹೋದವರು ಎರಡನ್ನೂ ಹತ್ತರ ಆಧಾರಕ್ಕೆ ತರುತ್ತಾರೆ. ಮೊದಲ ಪದ log x ಭಾಗಿಸು 0.3010, ಎರಡನೆಯದು log x ಭಾಗಿಸು 0.6021. ಕೂಡಿಸಿ ಸರಿಪಡಿಸಿದರೆ log x ಸುಮಾರು 0.6020 ಎಂದು ಬರುತ್ತದೆ. ನಾಲ್ಕಂಕಿಯ ಕೋಷ್ಟಕದಲ್ಲಿ ಅದರ ಆಂಟಿಲಾಗ್ ನೋಡಿದರೆ ಸಿಗುವುದು 3.999. ಉತ್ತರ ನಾಲ್ಕೇ ಇರಬಹುದೆಂಬ ಗುಮಾನಿ ವಿದ್ಯಾರ್ಥಿಗೆ ಬರುತ್ತದೆ, ಆದರೆ ಹಾಗೆಂದು ಬರೆಯಲು ಅವನ ಕೈಯಲ್ಲಿ ಆಧಾರವಿಲ್ಲ.

ಈಗ ಸೂತ್ರವನ್ನು ಬದಿಗಿಟ್ಟು ನೋಡಿ. ನಾಲ್ಕು ಎಂದರೆ ಎರಡರ ವರ್ಗ. ಒಂದು ಸಂಖ್ಯೆಯನ್ನು ಒಂದಕ್ಕೆ ಇಳಿಸಲು ಎರಡರಿಂದ ಎಷ್ಟು ಸಲ ಭಾಗಿಸಬೇಕೋ ನಾಲ್ಕರಿಂದ ಅದರ ಅರ್ಧದಷ್ಟು ಸಲ ಭಾಗಿಸಿದರೆ ಸಾಕು. ಆದ್ದರಿಂದ log₄ x ಎನ್ನುವುದು log₂ x ನ ಅರ್ಧ. ಎಡಬದಿ ಒಂದೂವರೆ log₂ x ಆಯಿತು, ಅದು ಮೂರಕ್ಕೆ ಸಮ. log₂ x = 2, x = 4. ಅಂದಾಜಿಲ್ಲ, ಕೋಷ್ಟಕವಿಲ್ಲ. ಇದಕ್ಕೆ log₁₆ x ಅನ್ನೂ ಸೇರಿಸಿ ಮೊತ್ತ 21/4 ಎಂದು ಕೊಟ್ಟರೂ ಕಷ್ಟವೇನಿಲ್ಲ. ಒಂದು, ಅರ್ಧ, ಕಾಲು ಸೇರಿ 7/4. log₂ x = 3, x = 8.

ಈ ಎಣಿಕೆಯ ನೋಟ ನಮಗೆ ಹೊಸದೇನಲ್ಲ. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ ಧವಳಾ ಟೀಕೆಯಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೆಂಬ ಎಣಿಕೆಗೆ ಅರ್ಧಚ್ಛೇದ ಎಂಬ ಹೆಸರಿದೆ. ಮೂರರಿಂದ ಭಾಗಿಸುವುದು ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವುದು ಚತುರ್ಥಚ್ಛೇದ. ಇಂದಿನ ಭಾಷೆಯಲ್ಲಿ ಇವು ಎರಡು, ಮೂರು, ನಾಲ್ಕರ ಆಧಾರದ ಲಾಗರಿದಮ್‌ಗಳು. ಆ ಗ್ರಂಥದ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ನಮ್ಮ ಮೂಡುಬಿದಿರೆಯಲ್ಲೇ ಉಳಿದುಬಂದವು. ಅರ್ಧಚ್ಛೇದ ಆರಾದರೆ ಚತುರ್ಥಚ್ಛೇದ ಮೂರು ಎಂದು ಕಾಣಲು ಯಾವ ಸೂತ್ರವೂ ಬೇಕಿಲ್ಲ. 64ನ್ನು ಭಾಗಿಸುತ್ತ ಹೋದರೆ ಸಾಕು.

ಹಾಗಿದ್ದರೆ ಆಧಾರ ಬದಲಾಯಿಸುವ ಸೂತ್ರಕ್ಕೆ ಇಷ್ಟು ತೂಕ ಬಂದದ್ದೇಕೆ? ಹೆನ್ರಿ ಬ್ರಿಗ್ಸ್ 1624ರಲ್ಲಿ ಹತ್ತರ ಆಧಾರದ ದೊಡ್ಡ ಕೋಷ್ಟಕ ಪ್ರಕಟಿಸಿದ ಮೇಲೆ ಲೆಕ್ಕ ಮಾಡುವವರ ಮೇಜಿನ ಮೇಲೆ ಉಳಿದದ್ದು ಹತ್ತರ ಆಧಾರದ ಪುಸ್ತಕವೇ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳು ಹಿಡಿದು ತಿರುಗಿದ ಕ್ಲಾರ್ಕ್ಸ್ ಟೇಬಲ್ಸ್ ಕೂಡ ಅದೇ ವಂಶದ್ದು. ಮೂರರ ಆಧಾರದಲ್ಲಿ ಏಳರ ಲಾಗ್ ಬೇಕೆಂದರೆ ಕೈಯಲ್ಲಿರುವ ಕೋಷ್ಟಕಕ್ಕೆ ತರದೆ ಬೇರೆ ದಾರಿ ಇರಲಿಲ್ಲ. ಕ್ಯಾಲ್ಕುಲೇಟರ್ ಬಂದ ಮೇಲೂ ಅದರ ಮೇಲೆ ಇದ್ದದ್ದು log ಮತ್ತು ln ಎಂಬ ಎರಡು ಗುಂಡಿಗಳು. ಬೆಲೆ ಕಂಡುಹಿಡಿಯುವ ಕೆಲಸಕ್ಕೆ ಹುಟ್ಟಿದ ಈ ಅನುಕೂಲವನ್ನು ಸಮೀಕರಣ ಬಿಡಿಸುವ ವಿಧಾನವೆಂದು ಕಲಿಸುತ್ತ ಬಂದದ್ದು ನಮ್ಮ ತಪ್ಪು.

ವಿಧಾನದ ನಿಜವಾದ ಪರೀಕ್ಷೆ ಬರುವುದು ಲಾಗ್‌ನ ಒಳಗೆ x ಒಂಟಿಯಾಗಿಲ್ಲದಾಗ. 2001ರ ಐಐಟಿ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ಈ ಸಮೀಕರಣಕ್ಕೆ ಎಷ್ಟು ಪರಿಹಾರಗಳಿವೆ ಎಂದು ಕೇಳಿದ್ದರು.

log₄(x − 1) = log₂(x − 3)

ಅಂದಿನಿಂದ ಇಂದಿನವರೆಗೆ ಇದು ಗೈಡುಗಳನ್ನು ಬಿಟ್ಟಿಲ್ಲ. ಎಲ್ಲೆಡೆ ಕಾಣುವ ಪರಿಹಾರ ಹೀಗಿದೆ: ಎರಡೂ ಬದಿಯನ್ನು ಒಂದೇ ಆಧಾರಕ್ಕೆ ತಂದರೆ log(x − 1) = 2 log(x − 3). ಆದ್ದರಿಂದ x − 1 = (x − 3)². ಬಿಡಿಸಿದರೆ x² − 7x + 10 = 0, ಮೂಲಗಳು 5 ಮತ್ತು 2. ಕೊನೆಗೆ ಒಂದು ಸಾಲು: x = 2 ಆದರೆ x − 3 ಋಣವಾಗುತ್ತದೆ, ಹಾಗಾಗಿ ತಿರಸ್ಕರಿಸಿ. ಉತ್ತರ ಒಂದು.

ಉತ್ತರ ಸರಿಯಾಗಿದೆ. ನನ್ನ ತಕರಾರು ಆ ಕೊನೆಯ ಸಾಲಿನದು. ಎರಡು ಎಂಬ ಈ ಮೂಲ ಎಲ್ಲಿಂದ ಬಂತು? ಗೈಡು ಉತ್ತರಿಸುವುದಿಲ್ಲ. ಬಂದವನನ್ನು ಬಾಗಿಲಲ್ಲಿ ತಡೆದು ಕಳಿಸುತ್ತದೆ ಅಷ್ಟೆ. ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟು ನೋಡಿದರೆ ಆಧಾರ ಬದಲಾಯಿಸಿದ ಸಾಲಿನಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟದ್ದು ಮುಂದಿನ ಸಾಲಿನಲ್ಲಿ, 2 log(x − 3) ಅನ್ನು log (x − 3)² ಎಂದು ಓದಿಕೊಂಡಾಗ. ಮೊದಲನೆಯದಕ್ಕೆ x ಮೂರಕ್ಕಿಂತ ದೊಡ್ಡದಿದ್ದರೆ ಮಾತ್ರ ಅರ್ಥವಿದೆ. ಎರಡನೆಯದಕ್ಕೆ ಮೂರೊಂದನ್ನು ಬಿಟ್ಟು ಎಲ್ಲೆಡೆ ಅರ್ಥವಿದೆ, ಏಕೆಂದರೆ ವರ್ಗ ಮಾಡಿದೊಡನೆ ಋಣಚಿಹ್ನೆ ಅಳಿಸಿಹೋಯಿತು. ಅಂದರೆ ಆ ಸಾಲಿನಿಂದಾಚೆ ನಾವು ಬಿಡಿಸುತ್ತಿರುವುದು ಕೊಟ್ಟ ಸಮೀಕರಣವನ್ನಲ್ಲ, log₄(x − 1) = log₂|x − 3| ಎಂಬ ಇನ್ನೊಂದನ್ನು. ಆ ಸಮೀಕರಣಕ್ಕೆ ಎರಡು ನ್ಯಾಯವಾದ ಪರಿಹಾರವೇ. x ಇದ್ದಲ್ಲಿ 2 ಹಾಕಿ ನೋಡಿ, ಎರಡೂ ಬದಿ ಸೊನ್ನೆ. ಹೊರಗಟ್ಟಿದ ಮೂಲಕ್ಕೆ ಸ್ವಂತ ಮನೆಯಿದೆ. ಅದು ಪಕ್ಕದ ಮನೆ ಎಂಬುದನ್ನು ನಾವು ಹೇಳಿಕೊಡುತ್ತಿಲ್ಲ.

ಇದೇ ಲೆಕ್ಕವನ್ನು ಘಾತದ ಕಡೆಯಿಂದ ಬಿಡಿಸಿದರೆ ಈ ಗೋಜಲೇ ಇಲ್ಲ. ಎರಡೂ ಬದಿಯ ಸಮಾನ ಬೆಲೆಯನ್ನು t ಎಂದು ಕರೆಯಿರಿ. ಆಗ x − 1 = 4ᵗ, x − 3 = 2ᵗ. ಒಂದರಿಂದ ಇನ್ನೊಂದನ್ನು ಕಳೆದರೆ 4ᵗ − 2ᵗ = 2. 2ᵗ ಯನ್ನು y ಎಂದರೆ y² − y − 2 = 0, y ಎರಡಾಗಬೇಕು ಇಲ್ಲವೇ −1 ಆಗಬೇಕು. ಎರಡರ ಯಾವ ಘಾತವೂ ಋಣವಾಗದು. ಹಾಗಾಗಿ y = 2, x = 5. ಬಿಟ್ಟುಬಿಟ್ಟ y = −1 ಗೆ x ಎಷ್ಟೆಂದು ನೋಡಿ: ಮೂರರಲ್ಲಿ ಒಂದು ಕಳೆದರೆ ಎರಡು. ಅದೇ ಮೂಲ ಮತ್ತೆ ಬಂತು, ಆದರೆ ಯಾಕೆ ಬಿಡಬೇಕೆಂಬ ಕಾರಣವನ್ನು ಜೊತೆಗೇ ಹೊತ್ತು ಬಂತು.

ಇಲ್ಲಿ ಕೆಲವು ಅಧ್ಯಾಪಕ ಮಿತ್ರರ ಜೊತೆ ನನಗೆ ಜಗಳವಿದೆ. ಇಷ್ಟೆಲ್ಲ ಕೆದಕುವುದೇಕೆ, ಕೊನೆಯಲ್ಲಿ ಸಿಕ್ಕ ಬೆಲೆಗಳನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡಿದರೆ ಸಾಲದೇ ಎನ್ನುತ್ತಾರೆ ಅವರು. ಬಹು ಆಯ್ಕೆಯ ಪ್ರಶ್ನೆಗಳ ಕಾಲದಲ್ಲಿ ಈ ವಾದಕ್ಕೆ ಬಲ ಹೆಚ್ಚು. ಆದರೆ ತಾಳೆ ನೋಡುವುದರಿಂದ ಹೆಚ್ಚುವರಿಯಾಗಿ ಬಂದ ಮೂಲ ಸಿಕ್ಕಿಬೀಳುತ್ತದೆಯೇ ಹೊರತು ಕಳೆದುಹೋದ ಮೂಲ ಮರಳಿ ಬರುವುದಿಲ್ಲ. ಅವರ ಮುಂದೆ ನಾನಿಡುವ ಸಮೀಕರಣ ಇದು.

log₄ x² = log₂(x + 6)

ಆಧಾರ ಬದಲಾಯಿಸಿ ಅಭ್ಯಾಸವಾದ ಕೈ x² ನ ಮೇಲಿರುವ ಎರಡನ್ನು ಮುಂದಕ್ಕೆ ತರುತ್ತದೆ, ನಾಲ್ಕರ ಆಧಾರದಿಂದ ಬಂದ ಅರ್ಧದ ಜೊತೆ ಅದನ್ನು ಹೊಡೆದುಹಾಕುತ್ತದೆ, ಎಡಬದಿಯನ್ನು log₂ x ಎಂದು ಬರೆಯುತ್ತದೆ. ಆಗ x = x + 6, ಸೊನ್ನೆಗೆ ಆರು ಸಮ. ಪರಿಹಾರವಿಲ್ಲ ಎಂದು ಬರೆದು ಕೆಳಗೆ ಗೆರೆ ಎಳೆಯುವುದೊಂದೇ ಉಳಿದ ಕೆಲಸ. ತಾಳೆ ನೋಡಲು ಒಂದು ಬೆಲೆಯೂ ಕೈಯಲ್ಲಿಲ್ಲ. ಆದರೆ x = −3 ಹಾಕಿ ನೋಡಿ. ಎಡಗಡೆ log₄ 9, ಬಲಗಡೆ log₂ 3, ಎರಡೂ ಒಂದೇ. ಎಡಬದಿ ಆಗಬೇಕಿದ್ದದ್ದು log₂|x|. ಆ ಎರಡು ಕಡ್ಡಿಗಳನ್ನು ಬಿಟ್ಟದ್ದಕ್ಕೆ ಇದ್ದ ಒಂದೇ ಒಂದು ಪರಿಹಾರ ಹೋಯಿತು. ಐಐಟಿ ಲೆಕ್ಕದಲ್ಲಿ ಮೂಲ ಹೆಚ್ಚಾದದ್ದೂ ಇಲ್ಲಿ ಮೂಲ ಕಳೆದದ್ದೂ ಒಂದೇ ಹೆಜ್ಜೆಯಿಂದ, ಎದುರುಬದುರು ದಿಕ್ಕಿನಲ್ಲಿ. ಎರಡರ ಘಾತವನ್ನು ಲಾಗ್‌ನ ಒಳಗೆ ಹಾಕಿದರೆ ಕ್ಷೇತ್ರ ಹಿಗ್ಗುತ್ತದೆ, ಹೊರಗೆ ತೆಗೆದರೆ ಕುಗ್ಗುತ್ತದೆ. ಎರಡು ಮತ್ತು ನಾಲ್ಕರ ಆಧಾರಗಳು ಒಟ್ಟಿಗೆ ಬಂದಾಗ ಈ ಹೆಜ್ಜೆ ಹಲವು ಸಲ ಎದುರಾಗುತ್ತದೆ, ಏಕೆಂದರೆ ಅವುಗಳ ನಡುವಿನ ನಂಟೇ ವರ್ಗದ್ದು.

ಸೂತ್ರಕ್ಕೂ ಸಲ್ಲಬೇಕಾದದ್ದು ಸಲ್ಲಲಿ. ಎರಡು ಮತ್ತು ಮೂರರಂತೆ ಒಂದು ಇನ್ನೊಂದರ ಘಾತವಾಗಿ ಸುಲಭಕ್ಕೆ ಒಗ್ಗದ ಆಧಾರಗಳು ಬಂದರೆ ಅದು ಬೇಕು. log₂ x + log₃ x = 1 ಎಂಬುದಕ್ಕೆ x ಸುಮಾರು 1.53 ಎಂದು ಹೇಳಲು ಬೇರೆ ದಾರಿ ಹುಡುಕುವುದು ವ್ಯರ್ಥ. ಆಧಾರದಲ್ಲೇ x ಕುಳಿತಿದ್ದರೂ ಹಾಗೆಯೇ. log₂ x + log_x 2 = 5/2 ಎಂಬಲ್ಲಿ ಎರಡನೆಯ ಪದವನ್ನು ಮೊದಲನೆಯದರ ವಿಲೋಮವೆಂದು ತಿರುಗಿಸಿಕೊಂಡರೆ t + 1/t = 5/2 ಆಗಿ, x ಗೆ 4 ಮತ್ತು √2 ಎಂಬ ಎರಡು ಬೆಲೆಗಳು ಸಲೀಸಾಗಿ ಸಿಗುತ್ತವೆ.

ಆದರೆ log₂ x = log₃(x + 1) ಎಂದು ಬರೆದು ಸೂತ್ರವನ್ನು ಕೆಲಸಕ್ಕೆ ಹಚ್ಚಿ ನೋಡಿ. ln x ಭಾಗಿಸು ln 2, ಅದಕ್ಕೆ ಸಮ ln(x + 1) ಭಾಗಿಸು ln 3. ಅಲ್ಲಿಗೆ ಬಂಡಿ ನಿಂತಿತು. ಘಾತಕ್ಕೆ ಮರಳಿದರೆ x = 2ᵗ, x + 1 = 3ᵗ, ಅಂದರೆ 2ᵗ + 1 = 3ᵗ. ಎರಡೂ ಬದಿಯನ್ನು 3ᵗ ಯಿಂದ ಭಾಗಿಸಿದರೆ (2/3)ᵗ + (1/3)ᵗ = 1. t ಏರಿದಂತೆ ಎಡಬದಿಯ ಎರಡೂ ಪದಗಳು ಇಳಿಯುತ್ತಲೇ ಹೋಗುತ್ತವೆ. ಆದ್ದರಿಂದ ಅವುಗಳ ಮೊತ್ತ ಒಂದನ್ನು ಮುಟ್ಟುವುದು ಹೆಚ್ಚೆಂದರೆ ಒಂದೇ ಸಲ, ಮತ್ತು t = 1 ಕಣ್ಣೆದುರೇ ಇದೆ. x = 2, ಬೇರೆ ಪರಿಹಾರವಿಲ್ಲ ಎಂಬ ಖಾತ್ರಿಯೊಂದಿಗೆ.

ಹೊಸ ಗೈಡು ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು. ಮಿಶ್ರ ಆಧಾರದ ಅಧ್ಯಾಯದ ತಲೆಯ ಮೇಲೆ ಚೌಕಟ್ಟು ಹಾಕಿ ಆಧಾರ ಬದಲಾಯಿಸುವ ಸೂತ್ರವನ್ನು ಅಚ್ಚು ಹಾಕಬೇಡಿ. ಆ ಜಾಗದಲ್ಲಿ log₄ x² = log₂|x| ಎಂಬ ಒಂದು ಸಾಲು ಹಾಕಿ, ಕಡ್ಡಿಗಳ ಸಮೇತ.