ಐವತ್ತು ಚುಕ್ಕಿ, ಒಂದು ಗೋಡೆ
ಪರಿಕಲ್ಪನಾ ಕಲೆಯನ್ನು ನೋಡುವ, ನೋಡಿ ಬರೆಯುವ ಬಗೆ

ಅಮೆರಿಕದ ಕಲಾವಿದ ಸಾಲ್ ಲೆವಿಟ್ ಅವರು 1971ರಲ್ಲಿ ಬಾಸ್ಟನ್ನಿನ ಕಲಾಶಾಲೆಯೊಂದಕ್ಕೆ ಕೊಟ್ಟದ್ದು ಚಿತ್ರವನ್ನಲ್ಲ, ಒಂದು ಸೂಚನೆಯನ್ನು. ಅದರ ಸಾರ ಇಷ್ಟೇ: ಗಟ್ಟಿ ಪೆನ್ಸಿಲಿನಿಂದ ಗೋಡೆಯ ಮೇಲೆ ಮನಬಂದಲ್ಲಿ ಐವತ್ತು ಚುಕ್ಕಿ ಇಡಬೇಕು, ಅವು ಗೋಡೆಯ ತುಂಬ ಸಮನಾಗಿ ಹರಡಿರಬೇಕು, ಆಮೇಲೆ ಎಲ್ಲ ಚುಕ್ಕಿಗಳನ್ನೂ ನೇರ ಗೆರೆಗಳಿಂದ ಜೋಡಿಸಬೇಕು. ‘ಗೋಡೆಚಿತ್ರ 118’ ಎಂದರೆ ಇದೇ. ಪ್ರದರ್ಶನ ಮುಗಿದ ಮೇಲೆ ಗೋಡೆಗೆ ಬಣ್ಣ ಬಳಿದರೂ ಕೃತಿ ಅಳಿಯದು. ಬೇರೆ ಊರಲ್ಲಿ ಬೇರೆಯವರ ಕೈಯಲ್ಲಿ ಮತ್ತೆ ಮೂಡುತ್ತದೆ. ಲೆವಿಟ್ 2007ರಲ್ಲಿ ತೀರಿಕೊಂಡರು. ಅವರ ಗೋಡೆಚಿತ್ರಗಳನ್ನು ಇಂದಿಗೂ ಇತರರು ಬರೆಯುತ್ತಿದ್ದಾರೆ.

ಇದರ ಬಗ್ಗೆ ಪ್ರಬಂಧ ಬರೆಯಲು ಕೂತ ವಿದ್ಯಾರ್ಥಿ ಮೊದಲು ಸೂಚನೆಯನ್ನೂ ಗೋಡೆಯನ್ನೂ ಬೇರೆಬೇರೆಯಾಗಿ ವರ್ಣಿಸಬೇಕು. ಪ್ರತಿ ಚುಕ್ಕಿಯಿಂದ ಉಳಿದ 49 ಚುಕ್ಕಿಗಳಿಗೆ ಗೆರೆ ಹೊರಟರೆ ಒಟ್ಟು 1,225 ಗೆರೆಗಳಾಗುತ್ತವೆ. ಅವುಗಳಲ್ಲಿ ಬಹುಪಾಲು ನಡುಭಾಗವನ್ನು ಹಾದುಹೋಗುವುದರಿಂದ ಅಲ್ಲಿ ಬಲೆ ದಟ್ಟವಾಗಿ, ಅಂಚಿನತ್ತ ತೆಳುವಾಗಿ ಕಾಣುತ್ತದೆ. ನಡುವೆ ದಟ್ಟವಾಗಿರಲಿ ಎಂದು ಸೂಚನೆಯಲ್ಲಿ ಎಲ್ಲೂ ಇಲ್ಲ.

ಎರಡನೆಯದಾಗಿ, ಸೂಚನೆಯಲ್ಲಿ ಎಳೆದಾಟ ಎಲ್ಲಿದೆ ಎಂದು ಹುಡುಕಿ. ಚುಕ್ಕಿಗಳು ನಿಜವಾಗಿ ಮನಬಂದಲ್ಲಿ ಬಿದ್ದರೆ ಕೆಲವೆಡೆ ಗುಂಪುಗೂಡುತ್ತವೆ, ಕೆಲವೆಡೆ ಜಾಗ ಖಾಲಿ ಉಳಿಯುತ್ತದೆ. ಸಮನಾಗಿ ಹರಡಬೇಕಾದರೆ ಪ್ರತಿ ಸಲವೂ ಹಿಂದೆ ಸರಿದು ಗೋಡೆ ನೋಡಲೇಬೇಕು. ಈ ಎರಡು ಮಾತುಗಳ ನಡುವೆ ತೀರ್ಮಾನ ಮಾಡುವವರು ಚುಕ್ಕಿ ಇಡುವವರು, ಲೆವಿಟ್ ಅಲ್ಲ.

ಮೂರನೆಯದಾಗಿ, ಒಂದೊಂದೇ ಅಂಶವನ್ನು ಬದಲಿಸಿ ನೋಡಿ. ಗೋಡೆ ದೊಡ್ಡದಾದರೆ ಕಲ್ಪನೆ ಹಾಗೆಯೇ ಉಳಿಯುತ್ತದೆ. ಚುಕ್ಕಿಗಳನ್ನು ರಂಗೋಲಿಯಂತೆ ಸಾಲಾಗಿ ಇಟ್ಟರೆ? ಗೆರೆಯ ಮೇಲೆ ಗೆರೆ ಬೀಳುತ್ತದೆ, ಫಲ ಮೊದಲೇ ಗೊತ್ತಾಗುತ್ತದೆ, ಬರೆಯುವವರಿಗೆ ತೀರ್ಮಾನಿಸಲು ಏನೂ ಉಳಿಯದು. ಅದು ಬೇರೆಯೇ ಕೃತಿ. ಹೀಗೆ ಗೋಡೆಯ ಅಳತೆ ವಸ್ತುವಿಗೆ ಸೇರಿದ್ದು, ಚುಕ್ಕಿ ಇಡುವ ಸ್ವಾತಂತ್ರ್ಯ ಕಲ್ಪನೆಗೆ ಸೇರಿದ್ದು ಎಂದು ಬೇರ್ಪಡಿಸಬಹುದು.

‘ಬದುಕಿನ ಸಂಬಂಧಗಳ ಬಲೆಯನ್ನು ಕಲಾವಿದರು ಇಲ್ಲಿ ತೋರಿಸಿದ್ದಾರೆ’ ಎಂಬಂಥ ವಾಕ್ಯವನ್ನು ಹೊಡೆದುಹಾಕಿ. ಯಾವ ಜಾಲಕ್ಕೂ ಅದು ಹೊಂದುತ್ತದೆ. ಸೂಚನೆಯ ಒಂದು ಪದವೂ ಅದಕ್ಕೆ ಆಧಾರವಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಗೆರೆ ಎಳೆಯುವಾಗ ಕೈಗೆ ಆಯ್ಕೆಯೇ ಇಲ್ಲ, ಆಯ್ಕೆಯೆಲ್ಲ ಚುಕ್ಕಿ ಇಡುವಾಗಲೇ ಮುಗಿದಿದೆ.’ ಓದುಗರು ಇದನ್ನು ಸೂಚನೆಯೊಂದಿಗೆ ಹೋಲಿಸಿ ಒಪ್ಪಬಹುದು, ಅಲ್ಲಗಳೆಯಲೂಬಹುದು.

ಕಲ್ಪನೆಯೇ ಮುಖ್ಯವೆಂದು ಗೋಡೆಯನ್ನು ನೋಡದೆ ಬರೆಯಬೇಡಿ. ನಡುವಿನ ಆ ದಟ್ಟಣೆ ಸೂಚನೆಯನ್ನಷ್ಟೇ ಓದಿದವರ ಕಣ್ಣಿಗೆ ಬೀಳುವುದಿಲ್ಲ.