ಒದ್ದೆ ಟವೆಲ್ಲಿನ ತೀರ್ಪು ಎಷ್ಟು ನಂಬಬಹುದು?

ತಾಳಮಲೆಯ ರೈತರ ಮನೆಗಳಲ್ಲಿ ಕಳೆದ ಬೆಳೆಗೆ ತಂದು ಮಿಕ್ಕ ಬೀಟ್‌ರೂಟ್ ಬೀಜದ ಪೊಟ್ಟಣ ಇದ್ದೇ ಇರುತ್ತದೆ. ಅದರ ಮೇಲಿನ ಅವಧಿ ಮುಗಿದಿದ್ದರೂ ಬೀಜ ಸತ್ತಿದೆ ಎಂದಲ್ಲ. ಆ ಅವಧಿ ಸಾಮಾನ್ಯವಾಗಿ ಪರೀಕ್ಷೆ ನಡೆದ ದಿನದಿಂದ 9 ತಿಂಗಳ ಲೆಕ್ಕ, ಅಷ್ಟೇ. ಹಾಗಾಗಿ ಬಿತ್ತುವ ಮುಂಚೆ ಒದ್ದೆ ಟವೆಲ್ಲಿನಲ್ಲಿ ಸುತ್ತಿಟ್ಟು ನೋಡುವುದು ಒಳ್ಳೆಯ ಪದ್ಧತಿ. ನನ್ನ ತಕರಾರು ಟವೆಲ್ಲಿನ ಮೇಲಲ್ಲ, ಅದನ್ನು ನಾವು ಓದುವ ರೀತಿಯ ಮೇಲೆ.

ಬೀಟ್‌ರೂಟಿನಲ್ಲಿ ನಾವು ಒಂದು ಬೀಜ ಎನ್ನುವುದು ನಿಜಕ್ಕೂ ಹಲವು ಬೀಜಗಳು ಬೆಸೆದುಕೊಂಡ ಒರಟು ಗಂಟು. ಒಂದು ಗಂಟಿನಿಂದ ಎರಡು, ಮೂರು ಮೊಳಕೆ ಬರಬಹುದು. ಮೊಳಕೆಗಳನ್ನು ಎಣಿಸುತ್ತ ಹೋದರೆ ಹಳೆಯ ಬೀಜವೂ ಹೊಸದರಂತೆ ಕಾಣುತ್ತದೆ. ಎಣಿಸಬೇಕಾದದ್ದು ಮೊಳೆತ ಗಂಟುಗಳನ್ನು. ಗಂಟಿನ ತೊಗಟೆಯಲ್ಲಿ ಮೊಳಕೆಯನ್ನು ತಡೆಯುವ ಅಂಶವೂ ಇದೆ. ಎರಡು ಗಂಟೆ ನೀರು ಬದಲಿಸುತ್ತ ತೊಳೆದು, ನೆರಳಲ್ಲಿ ಆರಿಸಿ, ಆಮೇಲೆ ಟವೆಲ್ಲಿಗೆ ಹಾಕಬೇಕು. ಟವೆಲ್ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಗಾಳಿಯಾಡದೆ ಬದುಕಿರುವ ಬೀಜವೂ ಕೊಳೆಯುತ್ತದೆ. ಬಣ್ಣದ ಔಷಧಿ ಹಚ್ಚಿದ ಬೀಜವಾದರೆ ಆ ಟವೆಲ್ ಮತ್ತೆ ಅಡುಗೆಮನೆಗೆ ಬರಕೂಡದು.

ಹತ್ತು ಬೀಜ ಹಾಕಿ ಏಳು ಮೊಳೆತರೆ "ನೂರಕ್ಕೆ ಎಪ್ಪತ್ತು" ಎಂದುಬಿಡುತ್ತೇವೆ. ಅಷ್ಟು ಕಡಿಮೆ ಬೀಜದಲ್ಲಿ ನಿಜವಾದ ಪ್ರಮಾಣ ನಲವತ್ತೂ ಇರಬಹುದು, ತೊಂಬತ್ತೂ ಇರಬಹುದು. ಕನಿಷ್ಠ 50 ಗಂಟು ಬೇಕು.

ಇನ್ನೂ ದೊಡ್ಡ ತಪ್ಪು ದಿನ ನೋಡದಿರುವುದು. ಬೀಟ್‌ರೂಟಿನ ಮೊದಲ ಎಣಿಕೆ 4ನೇ ದಿನ, ಕೊನೆಯದು 14ನೇ ದಿನ. ಹೀಗಿಟ್ಟುಕೊಳ್ಳಿ: 50 ಗಂಟುಗಳಲ್ಲಿ 14ನೇ ದಿನದ ಹೊತ್ತಿಗೆ 34 ಮೊಳೆತವು, ಅಂದರೆ ಶೇ 68. ಪ್ರಮಾಣಿತ ಬೀಜಕ್ಕೆ ಬೇಕಾದ ಕನಿಷ್ಠ ಶೇ 60ನ್ನು ಅದು ದಾಟಿದೆ. ಆದರೆ 4ನೇ ದಿನ ಮೊಳೆತಿದ್ದು ಬರೀ 6. ಈ ಬೀಜಕ್ಕೆ ಜೀವವಿದೆ, ಕಸುವಿಲ್ಲ. ಟವೆಲ್ಲಿನ ಮೆತ್ತನೆಯ ತೇವದಲ್ಲಿ ನಿಧಾನಕ್ಕೆ ಎದ್ದದ್ದು ಮಳೆ ಬಿದ್ದು ಹೆಪ್ಪುಗಟ್ಟಿದ ಮಣ್ಣನ್ನು ಸೀಳಿ ಮೇಲೆ ಬರುವುದು ಕಷ್ಟ. ಹಳೆಯ ಬೀಜ ಸಾಯುವುದಕ್ಕಿಂತ ಮೊದಲು ಸೋಲುತ್ತದೆ. ಬೇರು ಮೊಂಡಾಗಿದ್ದರೆ, ಗಾಜಿನಂತೆ ಪಾರದರ್ಶಕವಾಗಿದ್ದರೆ, ಅದನ್ನು ಮೊಳೆತದ್ದರ ಲೆಕ್ಕಕ್ಕೆ ಸೇರಿಸಬೇಡಿ.

ಆದರೆ ನಿಧಾನಕ್ಕೆ ಬೆಟ್ಟದ ಚಳಿಯೂ ಕಾರಣವಿರಬಹುದು. ಅದನ್ನು ತಿಳಿಯಲು ಹೊಸ ಪೊಟ್ಟಣದ ಬೀಜವನ್ನೂ ಅದೇ ದಿನ, ಅದೇ ಜಾಗದಲ್ಲಿ ಇನ್ನೊಂದು ಟವೆಲ್ಲಿಗೆ ಸುತ್ತಿಡಿ. ಹೊಸದೂ ತಡವಾದರೆ ತಪ್ಪು ಚಳಿಯದು; ಹೊಸದು ಬೇಗ ಬಂದು ಹಳೆಯದು ಹಿಂದುಳಿದರೆ ವಯಸ್ಸಿನದು.

ಎಸೆಯಬೇಕಾದ ಬೀಜವನ್ನು ಟವೆಲ್ ಚೆನ್ನಾಗಿ ಗುರುತಿಸುತ್ತದೆ. ಬಿತ್ತಬಹುದಾದ ಬೀಜಕ್ಕೆ ಅದರ ಮಾತೊಂದೇ ಸಾಲದು. ಅನುಮಾನದ ಬೀಜವನ್ನು ನಿಮ್ಮದೇ ಹೊಲದ ಮಣ್ಣು ತುಂಬಿದ ಟ್ರೇನಲ್ಲಿ ಇನ್ನೊಮ್ಮೆ ಹಾಕಿ ನೋಡಿ, ಆಮೇಲೆ ಹೊಲಕ್ಕೆ ಒಯ್ಯಿರಿ.