ಸಿಗ್ನಲ್ ಸಿಕ್ಕ ಮೇಲೆ ಆಗುವ ತಪ್ಪು

‘ಸಿಗ್ನಲ್ ಇಲ್ಲದಿದ್ದರೂ ಕೆಲಸ ಮಾಡಿ, ಸಿಗ್ನಲ್ ಸಿಕ್ಕ ಕೂಡಲೇ ಎಲ್ಲ ತಾನಾಗಿಯೇ ಸಿಂಕ್ ಆಗುತ್ತದೆ.’ ಹಳ್ಳಿಗಾಡಿನಲ್ಲಿ ಓಡಾಡಿ ಕೆಲಸ ಮಾಡುವವರಿಗೆ ಆ್ಯಪ್ ಕೊಡುವಾಗ ಹೇಳುವ ಭರವಸೆ ಇದು. ಅದನ್ನು ತೋರಿಸುವ ಡೆಮೊ ಕೂಡ ಎಲ್ಲ ಕಡೆ ಒಂದೇ ರೀತಿ ಇರುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ಫಾರಂ ತುಂಬುತ್ತಾರೆ, ಮೋಡ್ ತೆಗೆಯುತ್ತಾರೆ, ಎದುರಿನ ಪರದೆಯ ಮೇಲೆ ಆ ಫಾರಂ ಬಂದು ಕೂರುತ್ತದೆ. ನೋಡಿದವರು ಒಪ್ಪಿ ಎದ್ದುಹೋಗುತ್ತಾರೆ. ಒಬ್ಬಳೇ ಕಾರ್ಯಕರ್ತೆ, ಒಂದೇ ಫೋನು, ಒಂದೇ ದಾಖಲೆ ಇದ್ದಾಗ ಕೆಲಸ ನಡೆಯುತ್ತದೆ ಎಂಬುದಷ್ಟೇ ಅಲ್ಲಿ ಸಾಬೀತಾಗುವುದು. ಕಷ್ಟ ಶುರುವಾಗುವುದು ಎರಡನೆಯ ಕೈ ಅದೇ ದಾಖಲೆಯನ್ನು ಮುಟ್ಟಿದಾಗ. ಆ ಹೊತ್ತಿಗೆ ಡೆಮೊ ಮುಗಿದಿರುತ್ತದೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಶರಾವತಿ ಹಿನ್ನೀರಿನ ಆಚೆಯ ಊರೊಂದರ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಕೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಈ ಭೇಟಿಗಳು ಆ್ಯಪಿನಲ್ಲಿ ಒಂದೊಂದು ‘ಟಾಸ್ಕ್’ ಆಗಿ ಬರುತ್ತವೆ. ಏಳನೇ ದಿನ ಬೆಳಿಗ್ಗೆ 10:40ಕ್ಕೆ ಆಕೆ ಮನೆಗೆ ಹೋಗಿ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತೂಗುತ್ತಾಳೆ. 2.3 ಕಿಲೋ, 2.5ಕ್ಕಿಂತ ಕಡಿಮೆ, ಆದ್ದರಿಂದ ಕಣ್ಣಿಟ್ಟು ನೋಡಬೇಕಾದ ಮಗು. ಬಾಣಂತಿಯ ಮೊಬೈಲ್ ನಂಬರ್ ಬದಲಾಗಿದೆ ಎಂದು ಗೊತ್ತಾಗಿ ಅದನ್ನೂ ತಿದ್ದುತ್ತಾಳೆ. ತೋಟದ ನಡುವಿನ ಮನೆ, ಸಿಗ್ನಲ್ ಒಂದು ಕಡ್ಡಿಯೂ ಇಲ್ಲ. ಎಲ್ಲ ಫೋನಿನಲ್ಲೇ ಉಳಿಯುತ್ತದೆ.

ಮಧ್ಯಾಹ್ನ 12ಕ್ಕೆ ಬಾಣಂತಿಯ ಅತ್ತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು, ಸೊಸೆ ನಾಳೆ ತವರಿಗೆ ಹೋಗುತ್ತಾಳೆಂದು ತಿಳಿಸುತ್ತಾರೆ. ಅಲ್ಲಿನ ಮೇಲ್ವಿಚಾರಕಿ ಕಂಪ್ಯೂಟರಿನಲ್ಲಿ ಅದೇ ದಾಖಲೆ ತೆರೆದು ವಿಳಾಸ ಬದಲಿಸಿ, 14ನೇ ದಿನದಿಂದ ಮುಂದಿನ ಭೇಟಿಗಳನ್ನು ತವರೂರಿನ ಆಶಾಗೆ ವಹಿಸುತ್ತಾರೆ. ಸಂಜೆ 6ಕ್ಕೆ ಮೊದಲ ಕಾರ್ಯಕರ್ತೆ ಬಸ್ ನಿಲ್ದಾಣಕ್ಕೆ ಬಂದಾಗ ಫೋನು ಸಿಂಕ್ ಆಗುತ್ತದೆ.

ಇಲ್ಲಿ ಬಹಳಷ್ಟು ಆ್ಯಪ್‌ಗಳು ಅನುಸರಿಸುವ ನಿಯಮ ‘ಕೊನೆಗೆ ಬರೆದದ್ದೇ ಗೆಲ್ಲಲಿ’ ಎಂಬುದು. ಕೊನೆ ಎಂದರೆ ಸರ್ವರ್‌ಗೆ ಕೊನೆಗೆ ಬಂದದ್ದು ಎಂದಾದರೆ, ಸಂಜೆ ಬಂದ ಕಾರ್ಯಕರ್ತೆಯ ಇಡೀ ದಾಖಲೆ ಮಧ್ಯಾಹ್ನದ ದಾಖಲೆಯ ಮೇಲೆ ಕೂರುತ್ತದೆ. ಹೊಸ ನಂಬರ್ ಬಂತು. ಅದರ ಜೊತೆಗೇ ಬೆಳಗಿನ ಪ್ರತಿಯಲ್ಲಿದ್ದ ಹಳೆಯ ವಿಳಾಸವೂ ಹಳೆಯ ಹೊಣೆಯೂ ಹಿಂದಿರುಗಿದವು. ತವರೂರಿನ ಆಶಾಳ ಪಟ್ಟಿಯಿಂದ ಟಾಸ್ಕ್ ಮಾಯವಾಗುತ್ತದೆ. 14ನೇ ದಿನ ಮೊದಲ ಕಾರ್ಯಕರ್ತೆ ಬಾಗಿಲಿಗೆ ಹೋಗಿ, ‘ಅವಳು ತವರಿಗೆ ಹೋಗಿದಾಳೆ’ ಎಂದು ಕೇಳಿಕೊಂಡು ಬರುತ್ತಾಳೆ. ಕಣ್ಣಿಟ್ಟು ನೋಡಬೇಕಾದ ಮಗುವನ್ನು ಯಾರೂ ನೋಡುವುದಿಲ್ಲ. ಇಷ್ಟೆಲ್ಲದರ ನಡುವೆ ಒಂದೇ ಒಂದು ದೋಷದ ಸೂಚನೆಯೂ ಎಲ್ಲಿಯೂ ಕಾಣಿಸಿರುವುದಿಲ್ಲ.

ಹಾಗಾದರೆ ತಿದ್ದಿದ ಸಮಯ ನೋಡಿ ತೀರ್ಮಾನಿಸಿ ಎನ್ನುವವರಿದ್ದಾರೆ. ಆಗ 12 ಗಂಟೆಯದು 10:40ಕ್ಕಿಂತ ಹೊಸದು, ಮೇಲ್ವಿಚಾರಕಿಯ ಪ್ರತಿ ಗೆಲ್ಲುತ್ತದೆ. ಹೊಸ ನಂಬರ್ ಹೋಯಿತು. ತೂಕ ಅದೇ ದಾಖಲೆಯೊಳಗಿದ್ದರೆ ಅದೂ ಹೋಯಿತು. ಮೇಲಾಗಿ 10:40 ಎಂದು ಹೇಳುತ್ತಿರುವುದು ಯಾರ ಗಡಿಯಾರ? ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಗಡಿಯಾರವನ್ನು ಸರಿಪಡಿಸುವವರಿಲ್ಲ. ಎರಡು ಗಂಟೆ ಮುಂದಿರುವ ಫೋನು ಇದ್ದರೆ ಅದು ತಪ್ಪು ಸಮಯದ ಬಲದಿಂದಲೇ ಉಳಿದವರನ್ನೆಲ್ಲ ಸೋಲಿಸುತ್ತದೆ. ದೂರದೂರದ ಯಂತ್ರಗಳಲ್ಲಿ ಯಾವುದು ಮೊದಲು ನಡೆಯಿತು ಎನ್ನುವುದಕ್ಕೆ ಅವುಗಳ ಗಡಿಯಾರಗಳನ್ನು ನೆಚ್ಚಿಕೊಳ್ಳಲಾಗದು ಎಂಬ ತೊಡಕನ್ನು ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬಿಡಿಸಿ ಬರೆದಿದ್ದಾರೆ. ಅಷ್ಟು ಹಳೆಯ ಮಾತು ಇಂದಿಗೂ ಟೆಂಡರ್ ದಾಖಲೆಗಳನ್ನು ಮುಟ್ಟಿಲ್ಲ.

ಈ ಪ್ರಸಂಗದಲ್ಲಿ ನಿಜವಾಗಿ ಜಗಳವೇ ಇರಲಿಲ್ಲ. ಒಬ್ಬರು ನಂಬರ್ ತಿದ್ದಿದರು, ಇನ್ನೊಬ್ಬರು ವಿಳಾಸ ತಿದ್ದಿದರು. ಫೋನು ಇಡೀ ದಾಖಲೆಯನ್ನು ಕಳಿಸುವ ಬದಲು, ‘ನಾನು ನೋಡಿದ್ದು 14ನೇ ಆವೃತ್ತಿ, ಅದರಲ್ಲಿ ಮೊಬೈಲ್ ನಂಬರನ್ನು ಮಾತ್ರ ಬದಲಿಸಿದ್ದೇನೆ’ ಎಂದು ಕಳಿಸಿದ್ದರೆ ಸಾಕಿತ್ತು. ಸರ್ವರ್ ತನ್ನ ಬಳಿ ಈಗ 15ನೇ ಆವೃತ್ತಿ ಇರುವುದನ್ನು ಕಂಡು, ನಡುವೆ ಬದಲಾದದ್ದು ವಿಳಾಸ ಮತ್ತು ಹೊಣೆ ಮಾತ್ರ ಎಂದು ತಿಳಿದು, ಎರಡನ್ನೂ ಉಳಿಸಿಕೊಳ್ಳುತ್ತಿತ್ತು. ಇಬ್ಬರೂ ನಂಬರನ್ನೇ ಬೇರೆಬೇರೆಯಾಗಿ ತಿದ್ದಿದ್ದರೆ ಮಾತ್ರ ಮನುಷ್ಯರನ್ನು ಕೇಳಬೇಕಾಗುತ್ತದೆ.

ಆದರೆ ಕಾಲಂಗಳನ್ನು ಬಿಡಿಸಿ ಹೊಂದಿಸಿದರೆ ಎಲ್ಲ ಸರಿಹೋಯಿತು ಎಂದೂ ನಾನು ಹೇಳಲಾರೆ. ಮೇಲ್ವಿಚಾರಕಿ ಮಧ್ಯಾಹ್ನ ಏಳನೇ ದಿನದ ಟಾಸ್ಕನ್ನೂ ‘ರದ್ದು’ ಮಾಡಿದ್ದರು ಎನ್ನೋಣ, ಕಾರ್ಯಕರ್ತೆ ಅಷ್ಟರಲ್ಲಿ ಹೋಗಿಬಂದಿದ್ದು ಅವರಿಗೆ ಗೊತ್ತಿಲ್ಲ. ಫೋನಿನಲ್ಲಿ ‘ಮುಗಿದಿದೆ’, ಸರ್ವರಿನಲ್ಲಿ ‘ರದ್ದು’. ಒಂದೇ ಕಾಲಂ, ಎರಡು ಬೆಲೆ. ಯಾವುದು ಗೆಲ್ಲಬೇಕು?

ಪ್ರಶ್ನೆಯೇ ತಪ್ಪು. ‘ಮುಗಿದಿದೆ’ ಎಂಬುದು ನಡೆದ ಸಂಗತಿ: ಒಬ್ಬ ಹೆಂಗಸು ನಡೆದು ಹೋಗಿ ಮಗುವನ್ನು ತೂಗಿದ್ದಾಳೆ. ‘ರದ್ದು’ ಎಂಬುದು ಮುಂದೆ ಏನಾಗಬೇಕೆಂಬ ತೀರ್ಮಾನ. ನಡೆದದ್ದನ್ನು ರದ್ದು ಮಾಡುವ ಅಧಿಕಾರ ಯಾವ ಮೇಲ್ವಿಚಾರಕಿಗೂ ಇಲ್ಲ. ಹಾಗೆಯೇ ಮುಂದಿನ ಭೇಟಿ ಯಾರ ಪಾಲಿಗೆ ಎಂಬ ತೀರ್ಮಾನವನ್ನು ಕಾರ್ಯಕರ್ತೆಯ ಹಳೆಯ ಪ್ರತಿ ತಿರುಗಿಸುವಂತಿರಬಾರದು. ಈ ಎರಡು ಬೇರೆ ಜಾತಿಯ ಮಾತುಗಳನ್ನು ‘ಸ್ಟೇಟಸ್’ ಎಂಬ ಒಂದೇ ಕಾಲಂನಲ್ಲಿ ತುರುಕಿದಾಗಲೇ ತಪ್ಪಿನ ಬೀಜ ಬಿತ್ತು. ಸಿಂಕ್ ಅದನ್ನು ಹೊರಗೆ ತಂದಿತು, ಅಷ್ಟೆ. ನಡೆದ ಕೆಲಸವನ್ನು ಅಳಿಸಲಾಗದ ಬೇರೆ ನಮೂದಾಗಿ ಬರೆಯಬೇಕು, ಹಂಚಿಕೆ ಮತ್ತು ರದ್ದತಿಯನ್ನು ಅಧಿಕಾರವಿದ್ದವರ ಆದೇಶವಾಗಿ ಬೇರೆ ಇಡಬೇಕು. ಟಾಸ್ಕ್ ಮುಗಿದಿದೆಯೇ ಎಂಬುದನ್ನು ಎರಡನ್ನೂ ನೋಡಿ ಲೆಕ್ಕಹಾಕಬೇಕು. ಅದೇ ದಿನ ಇನ್ನೊಬ್ಬರು ತೂಗಿ 2.4 ಎಂದು ಬರೆದಿದ್ದರೂ ಎರಡೂ ಉಳಿಯಲಿ. ಯಾರು, ಎಲ್ಲಿ, ಯಾವ ತಕ್ಕಡಿಯಲ್ಲಿ ತೂಗಿದರೆಂಬುದು ವೈದ್ಯರಿಗೆ ಬೇಕಾಗುತ್ತದೆ.

ಕಮ್ಯುನಿಟಿ ಹೆಲ್ತ್ ಟೂಲ್‌ಕಿಟ್ ಎಂಬ ಮುಕ್ತ ತಂತ್ರಾಂಶ ಹೆಚ್ಚುಕಡಿಮೆ ಈ ದಾರಿಯಲ್ಲಿದೆ. ಅದರಲ್ಲಿ ತುಂಬಿದ ಪ್ರತಿ ಫಾರಂ ಹೊಸದೊಂದು ದಾಖಲೆಯಾಗುತ್ತದೆ, ಹಳೆಯದನ್ನು ತಿದ್ದುವುದಿಲ್ಲ. ಅದರ ಅಡಿಯಲ್ಲಿರುವುದು ಕೌಚ್‌ಡಿಬಿ. ಇಬ್ಬರು ಒಂದೇ ದಾಖಲೆಯನ್ನು ತಿದ್ದಿದರೆ ಕೌಚ್‌ಡಿಬಿ ಹೆಚ್ಚು ಬಾರಿ ತಿದ್ದಲ್ಪಟ್ಟ ಪ್ರತಿಯನ್ನು ಮುಂದೆ ತೋರಿಸಿ, ಸೋತದ್ದನ್ನು ಅಳಿಸದೆ `_conflicts` ಎಂಬಲ್ಲಿ ಪಟ್ಟಿ ಮಾಡುತ್ತದೆ. ಹೆಚ್ಚು ಬಾರಿ ತಿದ್ದಿದ್ದು ಹೆಚ್ಚು ನಿಜ ಎಂದೇನೂ ಇಲ್ಲ. ಎಲ್ಲ ಯಂತ್ರಗಳೂ ಒಂದೇ ಪ್ರತಿಯನ್ನು ಆರಿಸಲಿ ಎಂಬುದಕ್ಕೆ ಮಾಡಿಕೊಂಡ ನಿಯಮ ಅದು. ಸೋತ ಪ್ರತಿಯನ್ನು ತೆಗೆದು ನೋಡುವ ಕೆಲಸ ಆ್ಯಪ್ ಬರೆದವರದು. ಆ ಪರದೆಯನ್ನೇ ಬರೆಯದಿದ್ದರೆ ಮಾಹಿತಿ ಇದ್ದೂ ಇಲ್ಲದಂತೆ. 2011ರಿಂದ ಹೆಸರಾಗಿರುವ ಸಿಆರ್‌ಡಿಟಿ ತಂತ್ರಕ್ಕೂ ಇದೇ ಮಿತಿ. ಎಲ್ಲ ಫೋನುಗಳೂ ಕೊನೆಗೆ ಒಂದೇ ಉತ್ತರಕ್ಕೆ ಬರುತ್ತವೆ ಎಂದು ಅದು ಖಾತರಿ ಕೊಡುತ್ತದೆ. ಆ ಉತ್ತರ ಸರಿಯೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಇದಕ್ಕೆ ಬರುವ ಪ್ರಬಲ ಆಕ್ಷೇಪ ಒಂದಿದೆ: ಒಂದು ಮನೆಗೆ ಒಬ್ಬಳೇ ಆಶಾ, ಇಂಥ ಘರ್ಷಣೆ ಅಪರೂಪ, ಅಷ್ಟಕ್ಕಾಗಿ ಇಷ್ಟು ಖರ್ಚೇಕೆ? ಅಪರೂಪ ನಿಜ. ಆದರೆ ಅದು ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ಆರೋಗ್ಯವಾಗಿರುವ, ಒಂದೇ ಊರಿನಲ್ಲಿರುವ ತಾಯಿಯ ದಾಖಲೆಯನ್ನು ಒಬ್ಬರೇ ಮುಟ್ಟುತ್ತಾರೆ. ತೂಕ ಕಡಿಮೆ ಇರುವ ಮಗುವಿನದನ್ನು ಆಶಾ, ಎಎನ್‌ಎಂ, ವೈದ್ಯರು ಮೂವರೂ ಮುಟ್ಟುತ್ತಾರೆ. ತವರಿಗೆ ಹೋದವಳದು, ಕಾಫಿ ತೋಟಕ್ಕೆ ಗುಳೆ ಬಂದ ಕುಟುಂಬದ್ದು ಎರಡು ಊರಿನವರ ಕೈಗೆ ಬರುತ್ತದೆ. ಅಂದರೆ ಯಾರನ್ನು ಕಳೆದುಕೊಳ್ಳಬಾರದೋ ಅವರ ದಾಖಲೆಗಳಲ್ಲೇ ಘರ್ಷಣೆ ಹೆಚ್ಚು. ಸರಾಸರಿ ತೆಗೆದು ಅಪರೂಪ ಎನ್ನುವುದು ಈ ಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನೊಂದು ನಂಬಿಕೆ, ಸಿಗ್ನಲ್ ಇಲ್ಲದಿರುವುದಕ್ಕಿಂತ ಸ್ವಲ್ಪ ಇರುವುದು ಮೇಲು ಎಂಬುದು. ಸಿಂಕ್ ಮಟ್ಟಿಗೆ ಇದು ತಲೆಕೆಳಗು. ಅರ್ಧ ಕಡ್ಡಿ ಸಿಗ್ನಲ್‌ನಲ್ಲಿ ಫೋನು ಭೇಟಿಯನ್ನು ಕಳಿಸುತ್ತದೆ, ಸರ್ವರ್ ಬರೆದುಕೊಳ್ಳುತ್ತದೆ, ‘ಬಂತು’ ಎಂಬ ಉತ್ತರ ಹಿಂದಿರುಗುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ಫೋನಿನ ಪಾಲಿಗೆ ಅದು ಹೋಗೇ ಇಲ್ಲ, ಆದ್ದರಿಂದ ಮತ್ತೆ ಕಳಿಸುತ್ತದೆ. ಒಂದು ಭೇಟಿ ಎರಡಾಗುತ್ತದೆ. ಪ್ರೋತ್ಸಾಹಧನದ ಲೆಕ್ಕ ಹಾಕುವಾಗ ಸುಳ್ಳು ಬರೆದಳೆಂಬ ಮಾತು ಕಾರ್ಯಕರ್ತೆಯ ಮೇಲೆ ಬರುತ್ತದೆ. ಪರಿಹಾರ ಕಷ್ಟದ್ದಲ್ಲ. ಫಾರಂ ತೆರೆದಾಗಲೇ ಫೋನು ಅದಕ್ಕೊಂದು ಗುರುತು ಸಂಖ್ಯೆ ಕೊಡಬೇಕು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ ‘ಬಂತು’ ಎಂದಷ್ಟೇ ಹೇಳಬೇಕು. ಗುರುತನ್ನು ಕಳಿಸುವ ಹೊತ್ತಿಗೆ ಹುಟ್ಟಿಸಿದರೆ ಪ್ರತಿ ಪ್ರಯತ್ನಕ್ಕೂ ಹೊಸ ಸಂಖ್ಯೆ ಬಂದು ಉಪಾಯವೇ ಕೆಡುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹಸಿರು ಟಿಕ್. ‘ಮೇಡಂ, ನನ್ನ ಫೋನಲ್ಲಿ ಹಸಿರು ಬಂದಿತ್ತು’ ಎಂದು ಕಾರ್ಯಕರ್ತೆ ಹೇಳುತ್ತಾಳೆ. ‘ಇಲ್ಲಿ ಏನೂ ಕಾಣ್ತಿಲ್ಲವಲ್ಲಮ್ಮ’ ಎನ್ನುತ್ತಾರೆ ಮೇಲ್ವಿಚಾರಕಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಟಿಕ್‌ನ ಅರ್ಥ ಫೋನಿನಲ್ಲಿ ಉಳಿಯಿತು ಎಂದಷ್ಟೇ ಇತ್ತು, ಅದನ್ನು ಆಕೆಗೆ ಯಾರೂ ಹೇಳಲಿಲ್ಲ. ವಾಟ್ಸ್‌ಆ್ಯಪ್ ಬಳಸುವ ಯಾರಿಗಾದರೂ ಗಡಿಯಾರದ ಚಿಹ್ನೆಗೂ ಟಿಕ್‌ಗೂ ಇರುವ ವ್ಯತ್ಯಾಸ ಗೊತ್ತು. ಸಿಂಕ್ ವಿಷಯ ಬಳಕೆದಾರರಿಗೆ ಅರ್ಥವಾಗದು ಎಂಬ ನೆಪ ನಿಲ್ಲುವುದಿಲ್ಲ. ಜೆರಾಕ್ಸ್ ಪಾರ್ಕ್‌ನವರು 1995ರಲ್ಲಿ ವಿವರಿಸಿದ ಬೇಯು ವ್ಯವಸ್ಥೆ, ಸಂಪರ್ಕ ಬಂದು-ಹೋಗುವ ಯಂತ್ರಗಳಿಗೆಂದೇ ಕಟ್ಟಿದ್ದು, ತಾತ್ಕಾಲಿಕ ಬರಹವನ್ನೂ ಖಾಯಂ ಆದದ್ದನ್ನೂ ಬೇರೆಬೇರೆ ಎಂದೇ ನಡೆಸಿಕೊಳ್ಳುತ್ತಿತ್ತು. ಫೋನಿನಲ್ಲಿದೆ, ಸರ್ವರ್ ಸೇರಿದೆ, ಬೇರೆಯವರ ಬದಲಾವಣೆಗೆ ತಾಗಿ ನಿಂತಿದೆ ಎಂಬ ಮೂರು ಸ್ಥಿತಿ ಪರದೆಯ ಮೇಲೆ ಕಾಣಬೇಕು. ಕಳಿಸದೆ ಉಳಿದ ನಮೂದು ಇರುವಾಗ ಲಾಗ್‌ಔಟ್ ಮಾಡಲು ಆ್ಯಪ್ ಬಿಡಬಾರದು.

ಹಾಗಾಗಿ ಆ್ಯಪ್ ಕೊಳ್ಳುವ ಅಧಿಕಾರಿಗಳು ಆ ಹಳೆಯ ಡೆಮೊ ಬಿಟ್ಟು ಬೇರೆ ಪರೀಕ್ಷೆ ಕೇಳಲಿ. ಎರಡು ಫೋನುಗಳಲ್ಲಿ ಒಂದೇ ದಾಖಲೆ ತೆರೆದು, ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದರ ಗಡಿಯಾರವನ್ನು ಎರಡು ಗಂಟೆ ಮುಂದಿಡಲಿ. ಒಂದರಲ್ಲಿ ತೂಕ ಬರೆದು ಭೇಟಿ ಮುಗಿಸಿ ನಂಬರ್ ತಿದ್ದಲಿ, ಇನ್ನೊಂದರಲ್ಲಿ ವಿಳಾಸ ಬದಲಿಸಿ ಟಾಸ್ಕ್ ರದ್ದು ಮಾಡಲಿ. ಮೊದಲು ಬರೆದ ಫೋನನ್ನು ಕೊನೆಗೆ ಸಿಂಕ್ ಮಾಡಲಿ, ಆಮೇಲೆ ಅದಲುಬದಲಾಗಿಯೂ ಮಾಡಲಿ. ಎರಡೂ ಸಲ ಭೇಟಿ, ತೂಕ, ಹೊಸ ನಂಬರ್, ಹೊಸ ವಿಳಾಸ ನಾಲ್ಕೂ ಇರಬೇಕು, ಭೇಟಿ ಒಂದೇ ಇರಬೇಕು, ಮತ್ತು ರದ್ದಾದ ಟಾಸ್ಕ್‌ನ ಭೇಟಿ ನಡೆದುಹೋಗಿದೆ ಎಂಬ ಸೂಚನೆ ಮೇಲ್ವಿಚಾರಕಿಯ ಪರದೆಯಲ್ಲಿ ಬಂದಿರಬೇಕು. ಇದರಲ್ಲಿ ಒಂದು ತಪ್ಪಿದರೂ ಬಿಲ್ಲಿಗೆ ಸಹಿ ಹಾಕಬಾರದು.